ಹದಿನೈದು ಗಂಟೆಯ ವಾರ

ಕೆಲಸ ಬಿಡದೆ ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುವವರು ಪುಸ್ತಕ ಕೊಳ್ಳುವ ಮುನ್ನ ಒಂದು ವಾರ ತಮ್ಮ ಗಂಟೆಗಳನ್ನು ಎಣಿಸಬೇಕು. ವಿಜಯನಗರದಲ್ಲಿದ್ದು ವೈಟ್‌ಫೀಲ್ಡ್‌ನ ಕಚೇರಿಗೆ ಮೆಟ್ರೋದಲ್ಲಿ ಹೋಗಿಬರುವ ಒಬ್ಬರನ್ನು ನೆನೆಯಿರಿ. ಮನೆಗೆ ಬರುವಾಗ ರಾತ್ರಿ ಎಂಟು. ಅವರಿಗೆ ಸಿಗುವುದು ಬೆಳಗಿನ ಐದೂವರೆಯಿಂದ ಏಳು, ಊಟದ ನಂತರ ಅರ್ಧ ಗಂಟೆ. ಐದು ದಿನಕ್ಕೆ ಹತ್ತು ಗಂಟೆ, ಶನಿವಾರ ಮೂರು, ಭಾನುವಾರ ಐದು, ಒಟ್ಟು ಹದಿನೆಂಟು. ಮದುವೆ, ಜ್ವರ, ತಿಂಗಳ ಕೊನೆಯ ಕೆಲಸದ ಒತ್ತಡ ಕಳೆದರೆ ಹದಿನೈದು. ಆರು ತಿಂಗಳಿಗೆ ಸುಮಾರು 390 ಗಂಟೆ. ಮೆಟ್ರೋದಲ್ಲಿ ನಿಂತು ಓದಿದ್ದನ್ನು ಇದಕ್ಕೆ ಸೇರಿಸಬೇಡಿ, ಅದು ಹಿಂದಿನ ದಿನದ ಟಿಪ್ಪಣಿ ಮೆಲುಕು ಹಾಕಲಷ್ಟೇ ಸರಿ.

ಆ 390ರಲ್ಲಿ ಮೂರನೇ ಒಂದು ಭಾಗವನ್ನು ಅಣಕು ಪರೀಕ್ಷೆಗೂ ಪುನರಾವರ್ತನೆಗೂ ಮೊದಲೇ ತೆಗೆದಿಡಿ. ಹೊಸ ಓದಿಗೆ ಉಳಿಯುವುದು 260. ಎರಡು ಪತ್ರಿಕೆ, ಪ್ರತಿಯೊಂದಕ್ಕೂ ನೂರು ಪ್ರಶ್ನೆ, 200 ಅಂಕ, ಎರಡು ಗಂಟೆ. ಕೆಲಸಕ್ಕೆ ಹೋಗುವವರು ಎರಡನೇ ಪತ್ರಿಕೆಯಿಂದ ಶುರು ಮಾಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಕರ್ನಾಟಕದ ವಿಷಯಗಳು, ವಿಜ್ಞಾನ ಮತ್ತು ಪರಿಸರ, ಮಾನಸಿಕ ಸಾಮರ್ಥ್ಯ ಎಲ್ಲ ಅದರಲ್ಲಿದ್ದು, ಮೊದಲೆರಡಕ್ಕೆ ಆರರಿಂದ ಹತ್ತನೇ ತರಗತಿಯ ಸರ್ಕಾರಿ ಪಠ್ಯಪುಸ್ತಕಗಳೇ ಗಟ್ಟಿ ಅಡಿಪಾಯ. ಪ್ರಚಲಿತ ವಿದ್ಯಮಾನವನ್ನು ಆರು ತಿಂಗಳ ಮೊದಲೇ ಬಾಯಿಪಾಠ ಮಾಡಿದರೆ ಅರ್ಧ ಮರೆತುಹೋಗುತ್ತದೆ.

ಬೆಳಗಿನ ಒಂದೂವರೆ ಗಂಟೆ ಹೊಸ ಅಧ್ಯಾಯಕ್ಕೆ ಮೀಸಲು. ರಾತ್ರಿ ದಣಿದ ತಲೆಗೆ ಸಂವಿಧಾನದ ವಿಧಿಗಳು ಹತ್ತುವುದಿಲ್ಲ, ಆದರೆ ಹತ್ತು ಲೆಕ್ಕ ಬಿಡಿಸಬಹುದು. ಮಾನಸಿಕ ಸಾಮರ್ಥ್ಯಕ್ಕೆ ಬೇಕಾದದ್ದು ದಿನನಿತ್ಯದ ಕೈರೂಢಿಯೇ.

ಯೋಜನೆ ಹಳ್ಳಹಿಡಿಯುವುದು ಬುಧವಾರ ತಪ್ಪಿದ್ದನ್ನು ಭಾನುವಾರಕ್ಕೆ ತಳ್ಳಿದಾಗ. ಮೂರು ವಾರ ಹೀಗಾದರೆ ಭಾನುವಾರದಲ್ಲಿ ಅಣಕು ಪರೀಕ್ಷೆಗೆ ಜಾಗವೇ ಇರುವುದಿಲ್ಲ. ಬಾಕಿಗೆಂದೇ ಶನಿವಾರ ಒಂದು ಗಂಟೆ ಖಾಲಿ ಬಿಡಿ. ಅದಕ್ಕೂ ಮೀರಿದ್ದನ್ನು ಕೈಬಿಡಿ. ಮೂರು ವಾರವೂ ಬಾಕಿ ಉಳಿಯುತ್ತಿದ್ದರೆ ನಿಮ್ಮ ವಾರ ಹದಿನೈದು ಗಂಟೆಯದ್ದಲ್ಲ, ಹನ್ನೆರಡರದ್ದು. ಪಟ್ಟಿಯನ್ನೇ ಚಿಕ್ಕದು ಮಾಡಿ.

ಅಣಕು ಪರೀಕ್ಷೆ ಬರೆದಮೇಲೆ ಅಂಕಕ್ಕಿಂತ ತಪ್ಪುಗಳನ್ನು ನೋಡಿ. ಗೊತ್ತಿಲ್ಲದೆ ತಪ್ಪಿದ್ದು, ಅವಸರದಲ್ಲಿ ಓದಿ ತಪ್ಪಿದ್ದು, ಊಹಿಸಿ ತಪ್ಪಿದ್ದು ಎಂದು ಬೇರೆ ಬೇರೆ ಬರೆದಿಡಿ. ಸರಿಯುತ್ತರಕ್ಕೆ ಎರಡು ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಬಂದರೆ ಊಹಿಸುವುದು ಲಾಭವೇ.

ಇನ್ನೊಂದು ಲೆಕ್ಕ ರಜೆಯದ್ದು. ಹಬ್ಬಕ್ಕೊಂದು, ಊರಿಗೊಂದು ಎಂದು ಖರ್ಚು ಮಾಡದೆ ಹತ್ತು ದಿನ ಉಳಿಸಿ, ಪರೀಕ್ಷೆಯ ಹಿಂದಿನ ಎರಡು ವಾರಕ್ಕೆ ಮೇಲಧಿಕಾರಿಯ ಒಪ್ಪಿಗೆ ಮೊದಲೇ ಪಡೆಯಿರಿ. ದಿನಕ್ಕೆ ಎಂಟು ಗಂಟೆಯಂತೆ ಎಂಬತ್ತು ಗಂಟೆ, ಅಂದರೆ ನಿಮ್ಮ ಐದು ವಾರದ ಓದು ಒಂದೇ ಕಡೆ ಸಿಗುತ್ತದೆ.