ತೊಡೆ ಮೇಲಿನ ಕೂಸು ಕಾನೂನಿನ ಕಣ್ಣಲ್ಲಿ

ನೋಡಿ, ಭಾನುವಾರ ಬೆಳಿಗ್ಗೆ ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಹತ್ತಿರ ಹತ್ತು ನಿಮಿಷ ನಿಂತ್ಕೊಳ್ಳಿ ಸಾಕು. ಕಮಲಾಪುರ, ಹುಮನಾಬಾದ್, ಬೀದರ್ ಕಡೆ ಹೊರಟ ಕಾರುಗಳು ಒಂದರ ಹಿಂದೆ ಒಂದು. ಮುಂದಿನ ಸೀಟಲ್ಲಿ ತಾಯಿ, ಆಕೆಯ ತೊಡೆ ಮೇಲೆ ಕೂಸು. ಹಿಂದೆ ಇಬ್ಬರು ಹಿರಿಯರು, ಅವರ ನಡುವೆ ನಿಂತ್ಕೊಂಡೇ ಬರುವ ಏಳು ವರ್ಷದ ಹುಡುಗ. ಅಪ್ಪ ಮಾತ್ರ ಬೆಲ್ಟ್ ಹಾಕಿರ್ತಾನೆ, ಯಾಕಂದ್ರೆ ಪೊಲೀಸರು ನೋಡೋದು ಅವನನ್ನ.

ಕಾನೂನು ನೋಡೋದು ಮಾತ್ರ ಅವನೊಬ್ಬನನ್ನೇ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯ್ತಲ್ಲ, ಆಗ 194ಬಿ ಅನ್ನೋ ಕಲಂ ಸೇರಿತು. ಆ ವರ್ಷ ಸೆಪ್ಟೆಂಬರ್ 1ರಿಂದಲೇ ಜಾರಿಯಲ್ಲಿದೆ. 14 ವರ್ಷ ತುಂಬದ ಮಗು ಕಾರಿನಲ್ಲಿದ್ದು, ಅದಕ್ಕೆ ಸೀಟ್ ಬೆಲ್ಟ್ ಆಗಲಿ, ಮಕ್ಕಳ ಸುರಕ್ಷತಾ ಸೀಟಾಗಲಿ ಇಲ್ಲದಿದ್ದರೆ ಗಾಡಿ ಓಡಿಸುವವರಿಗೆ ಒಂದು ಸಾವಿರ ರೂಪಾಯಿ ದಂಡ. ತಾಯಿಯ ತೊಡೆ ಈ ಎರಡರಲ್ಲಿ ಯಾವುದೂ ಅಲ್ಲ. ಆದ್ರೆ ಈ ಕಲಂನಲ್ಲಿ ಒಂದು ಕೊರತೆ ಇದೆ, ಹೇಳಲೇಬೇಕು. ಯಾವ ವಯಸ್ಸಿಗೆ ಬೆಲ್ಟ್, ಯಾವ ವಯಸ್ಸಿಗೆ ಸೀಟು ಅಂತ ಅದು ಬಿಡಿಸಿ ಹೇಳೋದಿಲ್ಲ. ಒಂದು ವರ್ಷದ ಕೂಸಿಗೆ ದೊಡ್ಡವರ ಬೆಲ್ಟ್ ಸುತ್ತಿದರೂ ನಡೀತದೆ ಅಂತ ಯಾರಾದರೂ ಓದಿಕೊಳ್ಳಬಹುದು. ನಡೆಯೋದಿಲ್ಲ. ಆ ಬೆಲ್ಟ್ ಕೂಸನ್ನು ಹಿಡಿಯೋದೂ ಇಲ್ಲ, ಕುತ್ತಿಗೆಯನ್ನು ಬಿಡೋದೂ ಇಲ್ಲ.

ಕಲಬುರಗಿ–ಕಮಲಾಪುರ ರಸ್ತೆ ಅಂದ ಕೂಡಲೇ ನಿಮಗೆ 2022ರ ಜೂನ್ 3 ನೆನಪಾಗಬಹುದು. ಗೋವಾ ಪ್ರವಾಸ ಮುಗಿಸಿ ಹೈದರಾಬಾದಿಗೆ ವಾಪಸಾಗುತ್ತಿದ್ದವರ ಖಾಸಗಿ ಬಸ್ಸು ಬೆಳಗಿನ ಹೊತ್ತು ಕಮಲಾಪುರದ ಬಳಿ ಸರಕು ವಾಹನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಏಳು ಜನ ಹೋದರು. ಅದು ಬಸ್ಸು, ಅಲ್ಲಿ ಕೊಂದಿದ್ದು ಬೆಂಕಿ. ಕಾರಿನ ಸೀಟಿನ ಮಾತಿಗೆ ಆ ಸಾವುಗಳನ್ನು ಎಳೆದು ತರುವುದು ನ್ಯಾಯವಲ್ಲ. ಆದರೆ ಆವತ್ತಿನಂಥ ಸುದ್ದಿ ನೋಡಿದ ಮೇಲೆ ಒಂದು ಪ್ರಶ್ನೆ ಬರುತ್ತೆ: ‘ಕೂಸನ್ನ ಕಟ್ಟಿಹಾಕಿದ್ರೆ ಬೆಂಕಿ ಹತ್ತಿದಾಗ ಹೆಂಗ್ರೀ ತೆಗಿಯೋದು?’ ಮಕ್ಕಳ ಸೀಟಿನ ಪಟ್ಟಿಗಳೆಲ್ಲ ಒಂದೇ ಬಕಲ್‌ಗೆ ಬಂದು ಸೇರುತ್ತವೆ, ಕೆಂಪು ಗುಂಡಿ ಜೋರಾಗಿ ಒತ್ತಿದರೆ ಎಲ್ಲವೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಡಿಕ್ಕಿಯಲ್ಲಿ ಪೆಟ್ಟು ತಿನ್ನದೆ ಎಚ್ಚರವಾಗಿರುವ ಮಗುವನ್ನು ಹೊರಗೆ ತೆಗೆಯೋದು ಸುಲಭ. ಮುಂದಿನ ಸೀಟಿನ ಕೆಳಗೆ ಸಿಕ್ಕಿಹಾಕಿಕೊಂಡ ಮಗುವನ್ನು ತೆಗೆಯೋದು ಕಷ್ಟ.

ಈಗ ಲೆಕ್ಕಕ್ಕೆ ಬರೋಣ. ಹದಿನಾಲ್ಕು ತಿಂಗಳ ಕೂಸು, ತೂಕ 10 ಕೆಜಿ ಅಂದುಕೊಳ್ಳಿ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದೆ, ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ರಸ್ತೆ ಬದಿ ನಿಂತ ಲಾರಿಗೆ ಗುದ್ದಿತು. ಕಾರಿನ ಮೂತಿ ಅರ್ಧ ಮೀಟರ್ ಚಿಲ್ಲರೆ ಒಳಗೆ ಕುಸಿದು ಗಾಡಿ ನಿಲ್ಲುತ್ತೆ. ಅಷ್ಟೇ ಜಾಗದಲ್ಲಿ ಕೂಸನ್ನೂ ನಿಲ್ಲಿಸಬೇಕು ಅಂದ್ರೆ ತಾಯಿಯ ಎರಡು ಕೈ ಒಂದೂವರೆ ಕ್ವಿಂಟಲ್‌ಗಿಂತ ಹೆಚ್ಚು ಭಾರ ತಡೆಯಬೇಕು. ನಮ್ಮ ಕಡೆಯವರಿಗೆ ತೊಗರಿ ಚೀಲದ ಲೆಕ್ಕ ಗೊತ್ತು, ಬಿಡಿಸಿ ಹೇಳಬೇಕಿಲ್ಲ. ಇದೆಲ್ಲ ನಡೆಯೋದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ‘ಗಟ್ಟಿ ಹಿಡ್ಕೋತೀನಿ’ ಅನ್ನೋ ಮಾತಿಗೆ ಅಲ್ಲಿ ಸಮಯವೇ ಇಲ್ಲ. ತಾಯಿ ತನ್ನ ಬೆಲ್ಟನ್ನೇ ಕೂಸಿನ ಮೇಲೂ ಹಾಕಿಕೊಂಡರೆ ಇನ್ನೂ ಕೆಟ್ಟದ್ದು, ಆಕೆಯ ಮೈಭಾರವೆಲ್ಲ ಕೂಸನ್ನು ಬೆಲ್ಟಿಗೆ ಒತ್ತುತ್ತೆ.

ಹಾಗಾದ್ರೆ ಆ ಕೂಸನ್ನು ಎಲ್ಲಿ ಕೂರಿಸೋದು? ಹಿಂದಿನ ಸೀಟಲ್ಲಿ, ಮುಖ ಕಾರಿನ ಹಿಂಭಾಗಕ್ಕೆ ತಿರುಗಿಸಿದ ಸೀಟಿನಲ್ಲಿ. ಜನ ಇದನ್ನು ನೋಡಿ ನಗ್ತಾರೆ, ಪಾಪ, ಕೂಸಿಗೆ ಏನೂ ಕಾಣಿಸೋದಿಲ್ಲ ಅಂತಾರೆ. ಕಾರಣ ಇದೆ. ಎಳೆ ಕೂಸಿನ ದೇಹದಲ್ಲಿ ತಲೆಯೇ ಕಾಲು ಭಾಗ, ಕುತ್ತಿಗೆ ಇನ್ನೂ ಎಳಸು. ಮುಂದಕ್ಕೆ ಮುಖ ಮಾಡಿ ಕೂತಿದ್ದರೆ ಡಿಕ್ಕಿಯಾದಾಗ ಎದೆ ಪಟ್ಟಿಯಲ್ಲಿ ನಿಲ್ಲುತ್ತೆ, ತಲೆ ಮಾತ್ರ ಮುಂದೆ ಹೋಗುತ್ತೆ. ಹಿಂದಕ್ಕೆ ಮುಖವಿದ್ದರೆ ತಲೆ, ಬೆನ್ನು ಎರಡನ್ನೂ ಸೀಟಿನ ಚಿಪ್ಪೇ ಒಟ್ಟಿಗೆ ಹಿಡಿಯುತ್ತೆ. ಆರ್ 129 ಅನ್ನೋ ವಿಶ್ವಸಂಸ್ಥೆಯ ಮಾನದಂಡದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹೀಗೇ ಕೂರಿಸಬೇಕು. ಸೀಟಿನ ಅಳತೆ ಹಿಡಿಯುವವರೆಗೂ ಮುಂದುವರಿಸಿದರೆ ಇನ್ನೂ ಒಳ್ಳೇದು. ಆದ್ರೆ ಈ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಉಬ್ಬುವ ರಭಸ ನೇರ ಸೀಟಿನ ಬೆನ್ನಿಗೆ, ಅಂದರೆ ಕೂಸಿನ ತಲೆಯ ಹಿಂದಕ್ಕೆ ಹೊಡೆಯುತ್ತೆ. ಕಾರಿನ ಸನ್ ವೈಸರ್ ಮೇಲೆ ಕೆಂಪು ಗೆರೆ ಎಳೆದ ಮಗುವಿನ ಚಿತ್ರ ಇರುತ್ತಲ್ಲ, ಅದು ಇದನ್ನೇ ಹೇಳೋದು.

ಸೀಟು ತಂದವರೂ ಸೋಲೋದು ಕೂರಿಸೋದರಲ್ಲಿ. ಹೊಸ ಕಾರುಗಳಲ್ಲಿ ಹಿಂದಿನ ಸೀಟಿನ ಸಂದಿಯಲ್ಲಿ ಎರಡು ಕಬ್ಬಿಣದ ಕೊಕ್ಕೆ ಇರುತ್ತವೆ, ಐಸೋಫಿಕ್ಸ್ ಅಂತಾರೆ. ಅದಕ್ಕೆ ಸೀಟು ಕಟ್ ಅಂತ ಕೂತರೆ, ಆಮೇಲೆ ಅದರ ಮೇಲಿನ ಪಟ್ಟಿಯನ್ನೋ ನೆಲಕ್ಕೆ ಊರುವ ಕಾಲನ್ನೋ ಹೊಂದಿಸಬೇಕು. ಅನೇಕರು ಇದನ್ನೇ ಬಿಡ್ತಾರೆ. ಹಳೇ ಕಾರಾದರೆ ಮೂರು ಬಿಂದುವಿನ ಬೆಲ್ಟಿನಿಂದ ಕಟ್ಟುವ ಸೀಟು ತಗೊಳ್ಳಿ. ಹೊಟ್ಟೆಗೆ ಮಾತ್ರ ಬರುವ ನಡುವಿನ ಬೆಲ್ಟ್ ಬಹುತೇಕ ಸೀಟುಗಳಿಗೆ ಆಗೋದಿಲ್ಲ. ಕಟ್ಟಿದ ಮೇಲೆ ಬೆಲ್ಟ್ ಹಾದು ಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಸಡಿಲ ಅಂತ ಅರ್ಥ. ಕೂಸನ್ನು ಕೂರಿಸಿ, ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಕೈಗೆ ಸಿಕ್ಕರೆ ಇನ್ನೂ ಬಿಗಿ ಮಾಡಬೇಕು. ಕೆಳಗೆ ದಿಂಬು, ಮಡಚಿದ ಸೀರೆ, ಮೈಮೇಲೆ ದಪ್ಪ ಸ್ವೆಟರ್ ಬೇಡ, ಡಿಕ್ಕಿಯಲ್ಲಿ ಅದೆಲ್ಲ ಅದುಮಿ ಪಟ್ಟಿ ಸಡಿಲಾಗುತ್ತೆ.

ಏಳು ವರ್ಷದ ಹುಡುಗನಿಗೆ ಬೂಸ್ಟರ್ ಸೀಟು ಸಾಕು. ಅವನನ್ನು ಎತ್ತರಿಸಿ ಕೂರಿಸೋದೇ ಅದರ ಕೆಲಸ. ಆಗ ಕಾರಿನ ಬೆಲ್ಟ್ ಕುತ್ತಿಗೆ ಬಿಟ್ಟು ಹೆಗಲ ನಡುವೆ ಬರುತ್ತೆ, ಕೆಳಗಿನ ಪಟ್ಟಿ ಹೊಟ್ಟೆ ಬಿಟ್ಟು ಸೊಂಟದ ಮೂಳೆ ಮೇಲೆ ಕೂರುತ್ತೆ. ಬೆನ್ನು ಒರಗಿಸಿ ಕೂತಾಗ ಮೊಣಕಾಲು ಸೀಟಿನ ಅಂಚಿನಲ್ಲಿ ತಾನಾಗೇ ಮಡಚಿದರೆ ಬೂಸ್ಟರ್ ಬಿಡಬಹುದು. ಹೆಚ್ಚು ಕಡಿಮೆ 150 ಸೆಂಟಿಮೀಟರ್ ಎತ್ತರಕ್ಕೆ ಅದು ಬರುತ್ತೆ. ಬೆಲ್ಟನ್ನು ಕಂಕುಳ ಕೆಳಗೆ ಸಿಕ್ಕಿಸಿಕೊಂಡರೆ ಮಾತ್ರ ಒಪ್ಪಬೇಡಿ.

ಈಗ ಜಾಗದ ಜಗಳ. ಹ್ಯಾಚ್‌ಬ್ಯಾಕ್ ಕಾರು, ಅಪ್ಪ, ಅಮ್ಮ, ಆಯಿ, ಮುತ್ಯಾ, ಎರಡು ಮಕ್ಕಳು. ಕೂಸಿನ ಸೀಟು ಒಂದು ಕಿಟಕಿಗೆ, ಬೂಸ್ಟರ್ ಇನ್ನೊಂದು ಕಿಟಕಿಗೆ, ನಡುವೆ ಅಮ್ಮ. ಮುಂದೆ ಮುತ್ಯಾ. ಆಯಿಗೆ ಜಾಗ ಇಲ್ಲ. ‘ಹಂಗಾದ್ರ ನಾ ಬರೋದೇ ಬ್ಯಾಡೇನು?’ ಅಂತ ಆಯಿ ಕೇಳ್ತಾಳೆ. ಐದು ಬೆಲ್ಟಿನ ಕಾರಲ್ಲಿ ಆರು ಜನ ಹೋಗೋದಕ್ಕೆ ಸುರಕ್ಷಿತ ದಾರಿ ಯಾವುದೂ ಇಲ್ಲ. ಕಮಲಾಪುರ ಸುಮಾರು 35 ಕಿಲೋಮೀಟರ್, ಬಸ್ಸು ಬೇಕಾದಷ್ಟಿವೆ. ಅಪ್ಪನೋ ಮುತ್ಯಾನೋ ಬಸ್ಸು ಹತ್ತಲಿ, ಕಾರು ಓಡಿಸಲು ಬರುವ ಅಮ್ಮ ಓಡಿಸಲಿ, ಆಯಿ ಕಾರಲ್ಲೇ ಬರಲಿ. ಕೂಸು ಅತ್ತರೆ ಪಟ್ಟಿ ಬಿಚ್ಚಿ ಎತ್ತಿಕೊಳ್ಳಬೇಡಿ. ಮಹಾಗಾಂವ್ ಕ್ರಾಸ್‌ನಲ್ಲಿ ಗಾಡಿ ಬದಿಗೆ ನಿಲ್ಲಿಸಿ, ಹಾಲು ಕುಡಿಸಿ, ಮತ್ತೆ ಕಟ್ಟಿ ಹೊರಡಿ.

ಕೊಳ್ಳುವಾಗ ಸೀಟಿನ ಮೇಲಿರುವ ಕಿತ್ತಳೆ ಬಣ್ಣದ ಲೇಬಲ್ ಹುಡುಕಿ. ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ, ಯಾವ ತೂಕ ಅಥವಾ ಎತ್ತರದ ಮಗುವಿಗೆ ಅನ್ನೋದು ಅದರಲ್ಲಿರುತ್ತೆ. ಕೆಲವು ನೂರು ರೂಪಾಯಿಗೆ ಸಿಗುವ ಬಟ್ಟೆಯ ಪಟ್ಟಿಗಳಲ್ಲಿ ಇದು ಸಾಮಾನ್ಯವಾಗಿ ಇರೋದಿಲ್ಲ. ಸಂಬಂಧಿಕರ ಹಳೇ ಸೀಟು ಬಂದರೆ, ಅದಿದ್ದ ಕಾರು ಅಪಘಾತವಾಗಿತ್ತಾ ಅಂತ ಕೇಳಿ. ಆಗಿದ್ದರೆ ಬೇಡ, ಕಣ್ಣಿಗೆ ಕಾಣದ ಬಿರುಕು ಇರಬಹುದು. ಇನ್ನು ನಮ್ಮ ಮೇ ತಿಂಗಳ ಬಿಸಿಲು. ಬಿಸಿಲಲ್ಲಿ ನಿಂತ ಕಾರಿನ ಬಕಲ್ ಕೂಸಿನ ತೊಡೆ ಸುಡುವಷ್ಟು ಕಾಯುತ್ತೆ. ಸೀಟಿನ ಮೇಲೆ ಬಿಳಿ ಬಟ್ಟೆ ಮುಚ್ಚಿಟ್ಟು ಹೋಗಿ, ಕೂರಿಸೋ ಮೊದಲು ಬಕಲನ್ನು ನಿಮ್ಮ ಅಂಗೈಲಿ ಮುಟ್ಟಿ ನೋಡಿ.