48 ಸಾವಿರದ ನೋಟಿಸು: ಮೊತ್ತ ಒಂದೇ, ಉತ್ತರ ಮೂರು!

ದಾವಣಗೆರೆ ಮಂಡಿಪೇಟೆಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರಿಗೆ ಜಿಎಸ್‌ಟಿ ಇಲಾಖೆ ಕಾರಣ ಕೇಳಿ ನೋಟಿಸು ಕಳಿಸಿದೆ. 2022-23ರ ಸಾಲಿನಲ್ಲಿ 48,000 ರೂ. ಇನ್‌ಪುಟ್ ಕ್ರೆಡಿಟ್ ಹೆಚ್ಚಿಗೆ ತೆಗೆದುಕೊಂಡಿದ್ದೀರಿ, ಬಡ್ಡಿ ಸಮೇತ ಏಕೆ ವಸೂಲು ಮಾಡಬಾರದು ಹೇಳಿ, ಎಂಬುದು ಅದರ ಸಾರ.

"ಮಾಲು ತಂದೀನಿ, ಚೆಕ್ಕು ಕೊಟ್ಟೀನಿ, ಬಿಲ್ಲು ಐತಿ. ಇನ್ನೇನ್ ಬೇಕ್ರೀ ಇವರಿಗೆ?" ಎಂಬುದು ವ್ಯಾಪಾರಿಯ ಮೊದಲ ಮಾತು. ಅಷ್ಟನ್ನೇ ಬರೆದು ಕಳಿಸಿದ್ದರೆ ಕೆಲಸ ಕೆಡುತ್ತಿತ್ತು ಎನ್ನುತ್ತಾರೆ ಅವರ ಲೆಕ್ಕ ನೋಡುವವರು.

ಎರಡು ಕಾಗದದ ಜಗಳ

ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು, ಮಾರಿದಾಗ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುವುದೇ ಇನ್‌ಪುಟ್ ಕ್ರೆಡಿಟ್. ಎಷ್ಟು ಮುರಿದುಕೊಂಡೆ ಎಂದು ವ್ಯಾಪಾರಿ ತನ್ನ 3ಬಿ ರಿಟರ್ನಿನಲ್ಲಿ ಬರೆಯುತ್ತಾನೆ. ಮಾಲು ಕೊಟ್ಟವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ತಾವಾಗಿಯೇ ಇವನ 2ಬಿ ಪಟ್ಟಿಗೆ ಬಂದು ಕೂರುತ್ತವೆ. ಈ ವ್ಯಾಪಾರಿಯ 3ಬಿಯಲ್ಲಿ ವರ್ಷಕ್ಕೆ 4,86,000 ರೂ. ಇತ್ತು, 2ಬಿಯಲ್ಲಿ 4,38,000 ರೂ. ಕಂಪ್ಯೂಟರು ಕಳೆದು ನೋಡಿತು, ನೋಟಿಸು ಹೊರಟಿತು. ವ್ಯತ್ಯಾಸ ಏಕೆ ಬಂತೆಂದು ಕಂಪ್ಯೂಟರಿಗೆ ಗೊತ್ತಿಲ್ಲ. ಅದನ್ನು ಹೇಳಬೇಕಾದವನು ವ್ಯಾಪಾರಿಯೇ.

ಒಂದು ವಾರ ಕೂತು ಬಿಲ್ಲು ಬಿಲ್ಲು ತಾಳೆ ನೋಡಿದರು. 48,000 ಮೂರು ರಾಶಿಯಾಯಿತು.

ಲಾರಿ ಬಾಡಿಗೆ: 14,000

ಟ್ರಾನ್ಸ್‌ಪೋರ್ಟಿನವರಿಗೆ ವರ್ಷಕ್ಕೆ ಕೊಟ್ಟ ಬಾಡಿಗೆ 2,80,000 ರೂ. ಇದರ ಮೇಲಿನ ಶೇ. 5 ತೆರಿಗೆಯನ್ನು ಲಾರಿಯವರ ಬದಲು ವ್ಯಾಪಾರಿಯೇ ಸರ್ಕಾರಕ್ಕೆ ನಗದಾಗಿ ಕಟ್ಟಿದ್ದರು. ಇದಕ್ಕೆ ರಿವರ್ಸ್ ಚಾರ್ಜ್ ಎನ್ನುತ್ತಾರೆ. ಕಟ್ಟಿದ್ದನ್ನು ಕ್ರೆಡಿಟ್ ಪಡೆಯಲು ಹಕ್ಕಿದೆ. ಆದರೆ ಆ ಟ್ರಾನ್ಸ್‌ಪೋರ್ಟಿನವರಿಗೆ ಜಿಎಸ್‌ಟಿ ನೋಂದಣಿಯೇ ಇಲ್ಲ, ಅವರು ರಿಟರ್ನ್ ಸಲ್ಲಿಸುವುದಿಲ್ಲ. ಹಾಗಾಗಿ ಇದು 2ಬಿಯಲ್ಲಿ ಕಾಣುವ ಮಾತೇ ಇಲ್ಲ. ತಾವೇ ಬರೆದುಕೊಂಡ ಬಿಲ್ಲು, ಲಾರಿ ರಸೀದಿ, ತೆರಿಗೆ ಕಟ್ಟಿದ ತಿಂಗಳ 3ಬಿ, ಈ ಮೂರನ್ನೂ ಉತ್ತರಕ್ಕೆ ಲಗತ್ತಿಸಿದರು.

ಮಾರ್ಚಿಯ ಬಿಲ್ಲು, ಏಪ್ರಿಲಿನ ಮಾಲು: 22,000

2022ರ ಮಾರ್ಚ್ ಕೊನೆಗೆ ಬಿಲ್ಲಾದ ಪೈಪುಗಳು ಅಂಗಡಿಗೆ ಬಂದದ್ದು ಏಪ್ರಿಲಿನಲ್ಲಿ. ಮಾಲು ಕೈಸೇರದೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ ಎಂಬುದು ಕಾನೂನು. ಇವರು ಅದರಂತೆಯೇ ಏಪ್ರಿಲಿನ 3ಬಿಯಲ್ಲಿ ತೆಗೆದುಕೊಂಡರು. ಬಿಲ್ಲು ಮಾತ್ರ ಮಾರ್ಚಿಯ 2ಬಿಯಲ್ಲಿ, ಅಂದರೆ ಹಿಂದಿನ ವರ್ಷದ ಲೆಕ್ಕದಲ್ಲಿ ಉಳಿಯಿತು. ಮಾರ್ಚಿಯ 2ಬಿ, ಲಾರಿ ರಸೀದಿ, ಇ-ವೇ ಬಿಲ್ಲು ಇಟ್ಟು ಇದನ್ನು ವಿವರಿಸಿದರು. ಮುಖ್ಯವಾದದ್ದು ಇನ್ನೊಂದಿದೆ. ಇದೇ ಬಿಲ್ಲಿಗೆ ಮಾರ್ಚಿಯಲ್ಲೂ ಒಮ್ಮೆ ಕ್ರೆಡಿಟ್ ತೆಗೆದಿಲ್ಲ ಎಂದು ತೋರಿಸಲು ಆ ತಿಂಗಳ 3ಬಿಯನ್ನೂ, ಖರೀದಿ ಪುಸ್ತಕದ ಹಾಳೆಯನ್ನೂ ಸೇರಿಸಿದರು.

ಬಣ್ಣದ ಬಿಲ್ಲು: 12,000

ಇದೇ ಗಂಟಲಿನ ಮುಳ್ಳು. ಬಣ್ಣ ಕೊಟ್ಟ ಸಗಟು ವ್ಯಾಪಾರಿ ಎರಡು ಬಿಲ್ಲುಗಳನ್ನು ತನ್ನ ರಿಟರ್ನಿನಲ್ಲಿ ತೋರಿಸಲೇ ಇಲ್ಲ. 2021ರ ಡಿಸೆಂಬರ್ 31ರವರೆಗಿನ ಅವಧಿಯಾಗಿದ್ದರೆ ಮಾಲು ಕೊಟ್ಟವರಿಂದ ಸರ್ಟಿಫಿಕೇಟ್ ತಂದು ಕೊಡುವ ದಾರಿಯನ್ನು ಇಲಾಖೆಯ ಸುತ್ತೋಲೆಗಳು ತೆರೆದಿದ್ದವು. 2022ರ ಜನವರಿಯಿಂದ ಆ ದಾರಿ ಇಲ್ಲ. ಮಾಲು ಕೊಟ್ಟವನು ತೋರಿಸದ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಆ ಸಾಲಿನ ಬಿಲ್ಲು ತಿದ್ದಲು ಅವನಿಗಿದ್ದ ಗಡುವು 2023ರ ನವೆಂಬರ್ 30ಕ್ಕೇ ಮುಗಿದಿದೆ.

ಇಲ್ಲಿ ವಾದ ಮಾಡದೆ ಡಿಆರ್‌ಸಿ-03ರಲ್ಲಿ ತೆರಿಗೆಯನ್ನೂ, ವರ್ಷಕ್ಕೆ ಶೇ. 18ರ ಬಡ್ಡಿಯನ್ನೂ ಕಟ್ಟಿದರು. ಮೂರು ವರ್ಷದ ಬಡ್ಡಿಯೇ 6,480 ರೂ. ನೋಟಿಸು ಹೊರಟ 30 ದಿನದೊಳಗೆ ಕಟ್ಟಿದರೆ ದಂಡವಿಲ್ಲ. ಸುಮ್ಮನೆ ಕೂತು ಆದೇಶವಾದರೆ ತೆರಿಗೆಯ ಶೇ. 10 ಅಥವಾ 10,000 ರೂ., ಯಾವುದು ಹೆಚ್ಚೋ ಅಷ್ಟು ದಂಡ. "ಅವನು ಬರೀಲಿಲ್ಲ, ನಾನು ಕಟ್ಟೀನಿ. ಇನ್ನು ಅವನ ಹತ್ರ ವಸೂಲಿ ಮಾಡೋದು ನನ್ನ ಪಾಡು" ಎಂದರು ವ್ಯಾಪಾರಿ.

ಉತ್ತರ ಹೋದದ್ದು ಹೀಗೆ

ಉತ್ತರವನ್ನು ಡಿಆರ್‌ಸಿ-06 ನಮೂನೆಯಲ್ಲಿ ಪೋರ್ಟಲಿನಲ್ಲೇ ಸಲ್ಲಿಸಬೇಕು. ಇವರ ಪತ್ರ ಒಂದೂವರೆ ಪುಟ. ಅದರ ಹಿಂದೆ ಒಂದು ಪಟ್ಟಿ: ಮಾಲು ಕೊಟ್ಟವರ ಹೆಸರು, ಬಿಲ್ಲಿನ ನಂಬರು, ತಾರೀಖು, ತೆರಿಗೆ, ಕಾರಣ, ಆಧಾರ ಇರುವ ಪುಟ. ಪಟ್ಟಿಯ ಕೆಳಗೆ ಕೂಡಿಸಿದರೆ 48,000 ರೂ., ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. 36,000 ಕೈಬಿಡಿ, 12,000 ಕಟ್ಟಿದ್ದೇವೆ, ದಂಡ ಹಾಕಬೇಡಿ, ಖುದ್ದು ವಿಚಾರಣೆಗೆ ಅವಕಾಶ ಕೊಡಿ ಎಂಬುದು ಕೊನೆಯ ಸಾಲು. ವಿಚಾರಣೆಯ ದಿನ ಇನ್ನೂ ಗೊತ್ತಾಗಬೇಕಿದೆ.

ಈ ನೋಟಿಸು ಅಂಚೆಯಣ್ಣ ತಂದು ಕೊಟ್ಟದ್ದಲ್ಲ. ಪೋರ್ಟಲಿನ View Additional Notices/Orders ಎಂಬ ಮೂಲೆಯಲ್ಲಿ ಹನ್ನೊಂದು ದಿನ ಬಿದ್ದಿತ್ತು. 30 ದಿನದಲ್ಲಿ ಹನ್ನೊಂದು ಹಾಗೇ ಹೋಯಿತು. ಈಗ ಪಕ್ಕದ ನಾಲ್ಕು ಅಂಗಡಿಯವರು ದಿನಾ ಬೆಳಿಗ್ಗೆ ಬಾಗಿಲು ತೆಗೆದೊಡನೆ ಆ ಮೂಲೆಯನ್ನು ಇಣುಕಿ ನೋಡುತ್ತಿದ್ದಾರಂತೆ!