ಶಟರ್ ಮುಂದಿನ ಮೂರಡಿ ಜಾಗ

ಒಂದೇ ಕಚೇರಿಯಲ್ಲಿ ದುಡಿಯುವ ಇಬ್ಬರು ಹಠಾತ್ ಮಳೆಗೆ ಸಿಕ್ಕಿ ಒಂದು ಸೂರಿನಡಿ ನಿಲ್ಲುತ್ತಾರೆ, ಮೊದಲ ಸಲ ನಿಜ ಮಾತಾಡುತ್ತಾರೆ. ಸಣ್ಣಕತೆ ಬರೆಯಲು ಕೂತವರಿಗೆ ಸುಲಭವಾಗಿ ಸಿಗುವ ವಸ್ತು ಇದು. ಅಷ್ಟೇ ಸುಲಭವಾಗಿ ಕೆಡುತ್ತದೆ, ಅದೂ ಬಹಳ ಸಲ ಮಳೆಯಿಂದಲೇ.

ಎಲ್ಲ ಮಳೆಯೂ ಈ ಕತೆಗೆ ಆಗಿಬರುವುದಿಲ್ಲ. ಆಷಾಢದಲ್ಲಿ ತೀರ್ಥಹಳ್ಳಿಯ ಮಳೆ ನಿಲ್ಲಲಿ ಎಂದು ಯಾರೂ ಕಾಯುವುದಿಲ್ಲ. ಕೊಡೆ ಕೈಯಲ್ಲೇ ಇರುತ್ತದೆ, ನೆನೆದುಕೊಂಡೇ ನಡೆಯುತ್ತಾರೆ. ಬೇಕಾದದ್ದು ಏಪ್ರಿಲ್ ಕೊನೆಯಲ್ಲಿ ಬಯಲುಸೀಮೆಗೆ ಬರುವ ಭರಣಿ ಮಳೆ. ಬೆಳಗ್ಗೆ ಸುಡುಬಿಸಿಲು ಇರುವುದರಿಂದ ಯಾರ ಹತ್ತಿರವೂ ಕೊಡೆ ಇರುವುದಿಲ್ಲ. ಇಡೀ ದಿನ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ, ಮೋಡ ಕಟ್ಟಿ, ಇಳಿಹೊತ್ತಿಗೆ ಗುಡುಗುತ್ತದೆ. ಸರ್ಕಾರಿ ಕಚೇರಿ ಬಿಡುವುದು ಐದೂವರೆಗೆ. ಕತೆಗಾರ ಕಷ್ಟಪಟ್ಟು ಕಾಕತಾಳೀಯ ಹೊಂದಿಸಬೇಕಿಲ್ಲ, ಹವಾಮಾನವೇ ಹೊಂದಿಸಿ ಕೊಡುತ್ತದೆ. ಇಂಥ ಒಂದು ಮೋಡದ ಆಯುಸ್ಸು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಕತೆಯ ಗಡಿಯಾರವೂ ಅದೇ.

ಒಂದು ಕತೆ ಕಟ್ಟಿ ನೋಡೋಣ. ತಾಲ್ಲೂಕು ಕಚೇರಿ. ಎಫ್‌ಡಿಎ ಶಾರದಮ್ಮ, ಎಸ್‌ಡಿಎ ಗಿರೀಶ. ಏಳು ವರ್ಷ ಪಕ್ಕಪಕ್ಕದ ಮೇಜು. ತಡವಾಗಿ ಬರುತ್ತಾನೆಂದು ಹೋದ ತಿಂಗಳು ಗಿರೀಶನಿಗೆ ನೋಟಿಸು ಬಂದಿದೆ. ಯಾರೋ ಚಾಡಿ ಹೇಳಿದ್ದಾರೆ ಎಂಬುದು ಅವನ ಗುಮಾನಿ.

ಇವರನ್ನು ಎಲ್ಲಿ ನಿಲ್ಲಿಸುವುದು? ಹೋಟೆಲಿನಲ್ಲಿ ಕೂರಿಸಿದರೆ ಎದುರುಬದುರು ಮುಖ ನೋಡಬೇಕಾಗುತ್ತದೆ, ಮಾಣಿ ಬರುತ್ತಾನೆ, ಬಿಲ್ಲು ಯಾರು ಕೊಡಬೇಕೆಂಬ ಕೊಸರಾಟ ಬೇರೆ. ಶಟರ್ ಎಳೆದ ಗೊಬ್ಬರದಂಗಡಿಯ ಮುಂದೆ, ತಗಡಿನ ಮಾಡಿನ ಕೆಳಗೆ, ಮೂರಡಿ ಜಾಗ ಸಾಕು. ಅಲ್ಲಿ ಇಬ್ಬರೂ ಬೆನ್ನನ್ನು ಶಟರಿಗೆ ಕೊಟ್ಟು ರಸ್ತೆ ನೋಡುತ್ತಾ ನಿಲ್ಲಬೇಕು. ಮುಖ ನೋಡದೆ ಹೇಳಬಹುದಾದ ಮಾತುಗಳು ಎಷ್ಟೋ ಇವೆ. ತಗಡಿನ ಸದ್ದು ಇನ್ನೊಂದು ಉಪಕಾರ ಮಾಡುತ್ತದೆ. ಮೆಲ್ಲಗೆ ಹೇಳಿದರೆ ಕೇಳುವುದಿಲ್ಲ, ಹಾಗಾಗಿ ಗುಟ್ಟನ್ನೂ ಗಟ್ಟಿಯಾಗಿ, ಚುಟುಕಾಗಿ ಹೇಳಬೇಕು. ಉದ್ದುದ್ದ ಭಾಷಣ ತಾನಾಗಿ ಕತ್ತರಿಸಿಹೋಗುತ್ತದೆ.

ಮೊದಲ ಹತ್ತು ನಿಮಿಷ ಕಚೇರಿಯ ಮಾತೇ ನಡೆಯಲಿ. ಜಮಾಬಂದಿ, ಡಿಎ, ಸೋರುವ ರೆಕಾರ್ಡ್ ರೂಮು. ಆಮೇಲೆ ಶಾರದಮ್ಮ ಸೆರಗಿನಿಂದ ಕನ್ನಡಕ ಒರೆಸುತ್ತಾ ಹೇಳುತ್ತಾರೆ:

“ಆ ನೋಟಿಸು ಬರೆದಿದ್ದು ನಾನೇ, ಗಿರೀಶ್. ಹಾಜರಿ ಪುಸ್ತಕ ನನ್ನ ಹತ್ರ ಇರೋದು.”

“ಗೊತ್ತಿರ್ಲಿಲ್ಲ ಮೇಡಂ.”

“ಬಸ್ಸು ಲೇಟು ಅಂತ ಬರ್ಕೊಟ್ರಿ.”

“ಬಸ್ಸು ಲೇಟಾಗಲ್ಲ. ಒಂಬತ್ತೂವರೆಗೇ ಬಂದಿರ್ತೀನಿ. ಮೇಲೆ ಹತ್ತಿ ಬರಕ್ಕೆ ಆಗಲ್ಲ. ಬಸ್ ಸ್ಟ್ಯಾಂಡಲ್ಲೇ ಕೂತಿರ್ತೀನಿ.”

ಕತೆ ನಿಲ್ಲುವುದೂ ಬೀಳುವುದೂ ಇದರ ಮುಂದಿನ ಸಾಲಿನಲ್ಲಿ. “ಅಯ್ಯೋ, ಯಾಕಪ್ಪಾ?” ಎಂದರೆ ಗಿರೀಶ ಕಾರಣಗಳ ಪಟ್ಟಿ ಒಪ್ಪಿಸಬೇಕಾಗುತ್ತದೆ, ಕತೆ ಅರ್ಜಿಯಾಗುತ್ತದೆ. ನಾನಾದರೆ ಶಾರದಮ್ಮನ ಬಾಯಲ್ಲಿ ಇಷ್ಟೇ ಹೇಳಿಸುತ್ತೇನೆ: “ಯಾವ ಬೆಂಚು?” ಅವರಿಗೂ ಆ ಬೆಂಚುಗಳ ಪರಿಚಯವಿದೆ ಎಂದು ಓದುಗರಿಗೆ ತಿಳಿಯಲು ಈ ಎರಡು ಪದ ಸಾಕು.

ಈ ಹಂತದಲ್ಲಿ ಗಿರೀಶನಿಂದ ‘ಮೇಡಂ’ ಬಿಡಿಸಿ ‘ಅಕ್ಕಾ’ ಎನ್ನಿಸುವ ಆಸೆ ಬರುತ್ತದೆ. ನಮ್ಮ ಭಾಷೆಯಲ್ಲಿ ಸಂಬೋಧನೆ ಬದಲಾದರೆ ಸಂಬಂಧವೇ ಬದಲಾಯಿತೆಂದು ಅರ್ಥ, ಆದ್ದರಿಂದಲೇ ಅದು ಅಗ್ಗದ ದಾರಿ. ಅರ್ಧ ಗಂಟೆಯಲ್ಲಿ ಯಾರೂ ಅಕ್ಕ ಆಗುವುದಿಲ್ಲ. ‘ಮೇಡಂ’ ಹಾಗೇ ಇರಲಿ, ಕೂಗುವ ದನಿ ಬೇರೆಯಾಗಲಿ.

ಈ ವಿಷಯದಲ್ಲಿ ಚೆಕಾವ್ ಬಲು ನಿಷ್ಠುರ. 1898ರ ಅವನ ‘ಗೂಸ್‌ಬೆರ್ರಿ’ ಕತೆಯಲ್ಲೂ ಮಳೆಗೆ ಸಿಕ್ಕವರೇ ಇದ್ದಾರೆ. ಪಶುವೈದ್ಯ ಇವಾನ್ ಇವಾನಿಚ್, ಶಾಲಾಮಾಸ್ತರ ಬೂರ್ಕಿನ್ ಇಬ್ಬರೂ ಅಲ್ಯೋಖಿನ್ ಎಂಬ ಜಮೀನುದಾರನ ಮನೆ ಸೇರುತ್ತಾರೆ. ವೈದ್ಯ ತನ್ನ ತಮ್ಮನ ಕತೆ ಹೇಳುತ್ತಾ ಹೇಳುತ್ತಾ ತನ್ನೊಳಗಿನ ಸಂಕಟವನ್ನೆಲ್ಲ ಹೊರಹಾಕುತ್ತಾನೆ. ಕೇಳಿದವರು ಕರಗುತ್ತಾರೆಯೇ? ಇಲ್ಲ, ಅವರಿಗೆ ಆ ಕತೆ ರುಚಿಸುವುದೇ ಇಲ್ಲ. ಅಲ್ಯೋಖಿನ್‌ನಿಗೆ ನಿದ್ದೆ ಎಳೆಯುತ್ತಿರುತ್ತದೆ. ಬೂರ್ಕಿನ್‌ನಿಗೆ ಮಲಗಿದ ಮೇಲೂ ಎಲ್ಲಿಂದಲೋ ಕಮಟು ವಾಸನೆ. ಅದು ಇವಾನ್ ಇವಾನಿಚ್‌ನ ಪೈಪಿನದು. ಮಳೆ ರಾತ್ರಿಯಿಡೀ ಕಿಟಕಿಗೆ ಬಡಿಯುತ್ತಲೇ ಇರುತ್ತದೆ, ಯಾರ ಮನಸ್ಸನ್ನೂ ತೊಳೆಯುವುದಿಲ್ಲ.

ನಮ್ಮ ಭರಣಿ ಮಳೆ ಮಾತ್ರ ನಿಲ್ಲಲೇಬೇಕು. ನಿಂತಾಗ ಕಾಮನಬಿಲ್ಲು ತರಬೇಡಿ. ತಗಡಿನ ಸದ್ದು ಕಡಿಮೆಯಾಗುತ್ತಿದ್ದಂತೆ ಇಬ್ಬರಿಗೂ ತಮ್ಮ ದನಿ ವಿಪರೀತ ಗಟ್ಟಿಯಾಗಿ ಕೇಳಿಸಿ ಮಾತು ಅರ್ಧಕ್ಕೇ ನಿಂತರೆ ಸಾಕು. ಮರುದಿನ ಬೆಳಗ್ಗೆ ಹತ್ತೂಕಾಲಾದರೂ ಶಾರದಮ್ಮ ಹಾಜರಿ ಪುಸ್ತಕವನ್ನು ಸಾಹೇಬರ ಕೋಣೆಗೆ ಕಳಿಸಿಲ್ಲ. ಪುಸ್ತಕ ಮೇಜಿನ ಮೇಲೆ ತೆರೆದೇ ಇದೆ, ನಡುವೆ ಪೆನ್ನು.